ವೇಗ ಹೆಚ್ಚಿಸಿದ ಪಾಠದಲ್ಲಿ ಕಳೆದುಹೋಗುವುದು ಏನು?

ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪಾಠ ಮಾಡುತ್ತೇನೆ. ನಮ್ಮ ಹುಡುಗರು ಕ್ಲಾಸಿನ ಜೊತೆಗೆ ಐಐಟಿಗಳ ಆನ್‌ಲೈನ್ ಪಾಠಗಳಾದ ಎನ್‌ಪಿಟಿಇಎಲ್ ವಿಡಿಯೋಗಳನ್ನೂ ನೋಡುತ್ತಾರೆ. ಇಂಟರ್ನಲ್ಸ್ ಹತ್ತಿರ ಬಂದರೆ ಹಾಸ್ಟೆಲ್‌ನಲ್ಲಿ ಎಲ್ಲರ ಫೋನಿನಲ್ಲೂ ಪಾಠ 2xನಲ್ಲೇ ಓಡುತ್ತಿರುತ್ತದೆ. ಒಬ್ಬ ಹುಡುಗ ಒಮ್ಮೆ ನನ್ನ ಹತ್ತಿರ ಬಂದು, "ಮೇಡಂ, ನಾನು ಯಾವಾಗ್ಲೂ 2xನಲ್ಲೇ ಕೇಳೋದು. ಒಂದು ಪದಾನೂ ಮಿಸ್ ಆಗಲ್ಲ" ಎಂದ.

ಅವನು ಹೇಳಿದ್ದು ನಿಜ. ಪದ ಮಿಸ್ ಆಗುವುದಿಲ್ಲ. ಈ ವಿಷಯದ ಬಗ್ಗೆ ಸುಮಾರು 70 ವರ್ಷಗಳಿಂದ ನಡೆದಿರುವ ಪ್ರಯೋಗಗಳೂ ಅದನ್ನೇ ಹೇಳುತ್ತವೆ. ತೊಂದರೆ ಇರುವುದು ಬೇರೆ ಕಡೆ.

ಮೊದಲು ಈ ವೇಗ ಹೇಗೆ ಬರುತ್ತದೆ ನೋಡೋಣ. ಹಳೆಯ ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ಟನ್ನು ಎರಡು ಪಟ್ಟು ಜೋರಾಗಿ ಓಡಿಸಿದರೆ ದನಿ ಒಂದು ಸ್ಥಾಯಿ ಮೇಲೇರುತ್ತದೆ. ಮಂದ್ರ ಷಡ್ಜ ಮಧ್ಯ ಷಡ್ಜವಾಗುತ್ತದೆ. ಗಂಡಸಿನ ದನಿಯೂ ಕೀರಲಾಗಿ, ಕೇಳಲು ಕಷ್ಟವಾಗುತ್ತದೆ. ಹಾಗಾಗದಂತೆ ಮಾಡಬೇಕಾದರೆ ಮಾತಿನ ಸಣ್ಣ ಸಣ್ಣ ತುಂಡುಗಳನ್ನು ಎಸೆದು, ಉಳಿದವನ್ನು ಇದ್ದ ವೇಗದಲ್ಲೇ ಜೋಡಿಸಬೇಕು. 1953ರಲ್ಲಿ ಅಮೆರಿಕದ ಗಾರ್ವೆ ಎಂಬ ಸಂಶೋಧಕ ಇದನ್ನು ಕೈಯಲ್ಲೇ ಮಾಡಿದ. ಟೇಪನ್ನು ಕತ್ತರಿಸಿ, ನಡುನಡುವಿನ ತುಂಡು ತೆಗೆದು, ಉಳಿದದ್ದನ್ನು ಅಂಟಿಸಿದ. ಎರಡೂವರೆ ಪಟ್ಟು ವೇಗದಲ್ಲೂ ಕೇಳುಗರು ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಪದಗಳನ್ನು ಗುರುತಿಸಿದರು. ಮರುವರ್ಷ ಇಲಿನಾಯ್ ವಿಶ್ವವಿದ್ಯಾಲಯದ ಗ್ರ್ಯಾಂಟ್ ಫೇರ್‌ಬ್ಯಾಂಕ್ಸ್ ಮತ್ತು ಜೊತೆಗಾರರು ಇದೇ ಕೆಲಸ ಮಾಡುವ ಯಂತ್ರದ ವಿವರ ಪ್ರಕಟಿಸಿದರು. ತಿರುಗುವ ಡ್ರಮ್ಮಿನ ಮೇಲೆ ಕೂರಿಸಿದ ಹೆಡ್‌ಗಳು ಟೇಪಿನ ಸ್ವಲ್ಪ ಭಾಗ ಓದಿ ಸ್ವಲ್ಪ ಭಾಗ ಬಿಡುತ್ತಾ ಹೋಗುತ್ತಿದ್ದವು.

ಇವತ್ತು ಆ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ. ಕ್ರೋಮ್ ಬ್ರೌಸರಿನಲ್ಲಿರುವ ವಿಧಾನಕ್ಕೆ ಡಬ್ಲ್ಯುಸೋಲಾ ಎನ್ನುತ್ತಾರೆ. 1993ರಲ್ಲಿ ಬ್ರಸೆಲ್ಸ್‌ನ ಇಬ್ಬರು ಎಂಜಿನಿಯರುಗಳು ಕೊಟ್ಟದ್ದು. ಮಾತನ್ನು ಹತ್ತಾರು ಮಿಲಿಸೆಕೆಂಡುಗಳ ತುಂಡುಗಳಾಗಿ ತೆಗೆದುಕೊಂಡು, ಒಂದರ ಬಾಲದ ಮೇಲೆ ಇನ್ನೊಂದರ ತಲೆ ಬರುವಂತೆ ಇಡುತ್ತದೆ. ಸುಮ್ನೆ ಇಡುವುದಿಲ್ಲ. ಎರಡು ತುಂಡುಗಳ ಅಲೆಗಳ ಆಕಾರ ಎಲ್ಲಿ ಚೆನ್ನಾಗಿ ಹೊಂದುತ್ತದೆ ಎಂದು ಆಚೀಚೆ ಸರಿಸಿ ನೋಡಿ, ಅಲ್ಲಿ ಕೂಡಿಸುತ್ತದೆ. ಗಂಡಸಿನ ದನಿ ಸೆಕೆಂಡಿಗೆ 120 ಬಾರಿ ಕಂಪಿಸುತ್ತದೆ ಎಂದುಕೊಳ್ಳಿ. ಒಂದೊಂದು ಕಂಪನಕ್ಕೆ ಸುಮಾರು ಎಂಟು ಮಿಲಿಸೆಕೆಂಡು. ಹೀಗೆ ಹೊಂದಿಸಿದಾಗ 'ಆ' ಎಂಬ ಸ್ವರದಿಂದ ಇಡಿಯಾದ ಕಂಪನಗಳೇ ಹೊರಗೆ ಹೋಗುತ್ತವೆ. ಉಳಿದವು ಮೊದಲಿನಂತೆಯೇ ಇರುವುದರಿಂದ ಶ್ರುತಿ ಬದಲಾಗುವುದಿಲ್ಲ. ಸ್ವರದಲ್ಲಿ ಒಂದೇ ಬಗೆಯ ಕಂಪನ ಮತ್ತೆ ಮತ್ತೆ ಬರುವುದರಿಂದ ಅರ್ಧ ತೆಗೆದರೂ ಅದು 'ಆ'ನೇ. ಪ, ಟ, ಕ ಥರದ ವ್ಯಂಜನಗಳ ಸ್ಫೋಟ ಮಾತ್ರ ಹಾಗಲ್ಲ. ಅದು ಬಹಳ ಚಿಕ್ಕದು, ಒಂದೇ ಸಲ ಬರುವುದು. ತುಂಡು ಮಾಡುವಾಗ ಅದು ಸವೆಯಬಹುದು, ಇಲ್ಲವೇ ಎರಡು ಸಲ ಕೇಳಿಸಬಹುದು. ವೇಗ ತುಂಬಾ ಜಾಸ್ತಿಯಾದಾಗ ಮೊದಲು ಮಸುಕಾಗುವುದು ಇಂಥ ಅಕ್ಷರಗಳೇ.

ಕನ್ನಡದವರಿಗೆ ಇಲ್ಲಿ ಒಂದು ಅನುಕೂಲವಿದೆ. ನಮ್ಮಲ್ಲಿ ಹ್ರಸ್ವ ದೀರ್ಘ, ಒತ್ತು ಇರುವುದು ಇಲ್ಲದಿರುವುದು, ಎಲ್ಲವೂ ಕಾಲದ ಅಳತೆಯಿಂದಲೇ ಗೊತ್ತಾಗಬೇಕು. ಯಂತ್ರ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸುತ್ತದೆ. ಹ್ರಸ್ವವೂ ಅರ್ಧ, ದೀರ್ಘವೂ ಅರ್ಧ. ಹಾಗಾಗಿ ಅವುಗಳ ನಡುವಿನ ಅಂತರದ ಪ್ರಮಾಣ ಉಳಿಯುತ್ತದೆ. ನಿಜವಾಗಿ ಜೋರಾಗಿ ಮಾತಾಡುವ ಮನುಷ್ಯ ಹಾಗೆ ಮಾಡುವುದಿಲ್ಲ. ಅವನು ಕೆಲವು ಅಕ್ಷರ ನುಂಗುತ್ತಾನೆ, ಕೆಲವನ್ನು ಒಂದಕ್ಕೊಂದು ಬೆಸೆದು ಬಿಡುತ್ತಾನೆ. ಅಷ್ಟೇ ವೇಗದಲ್ಲಿ ಮನುಷ್ಯನೇ ಆಡಿದ ಮಾತಿಗಿಂತ, ನಿಧಾನವಾಗಿ ಆಡಿ ಯಂತ್ರದಿಂದ ಕುಗ್ಗಿಸಿದ ಮಾತು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ ಎಂದು ಡಚ್ ಭಾಷೆಯಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ನಮ್ಮ ಹುಡುಗನಿಗೆ ಒಂದು ಪದವೂ ತಪ್ಪದಿರಲು ಇದೂ ಒಂದು ಕಾರಣ.

ಇನ್ನೊಂದು ಕಾರಣ ರೂಢಿ. ಕುಗ್ಗಿಸಿದ ಮಾತನ್ನು ಮೊದಲ ಸಲ ಕೇಳುವವರಿಗೂ ಹತ್ತಾರು ವಾಕ್ಯಗಳೊಳಗೆ ಕಿವಿ ಹೊಂದಿಕೊಳ್ಳುತ್ತದೆ. ಹಾಗೆ ಹೊಂದಿಕೊಂಡ ಮೇಲೆ 1xಗೆ ಬಂದರೆ ಮೇಷ್ಟ್ರು ತೂಕಡಿಸುತ್ತಿದ್ದಾರೇನೋ ಎನಿಸುತ್ತದೆ. ಅದರಿಂದಲೇ 2x ಸರಿಯಾದ ವೇಗ ಎಂಬ ನಂಬಿಕೆ ಹುಟ್ಟುತ್ತದೆ. ಆದರೆ ಕಿವಿ ಹೊಂದಿಕೊಂಡ ಮಾತ್ರಕ್ಕೆ ವಿಷಯ ತಲೆಗೆ ಹೋಯಿತು ಎಂದಾಗುವುದಿಲ್ಲ.

ಈ ವ್ಯತ್ಯಾಸವನ್ನು ತುಂಬಾ ಶ್ರದ್ಧೆಯಿಂದ ಅಳೆದವರು ಲೂಯಿವಿಲ್ ವಿಶ್ವವಿದ್ಯಾಲಯದ ಎಮರ್ಸನ್ ಫೌಲ್ಕ್. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಬ್ರೈಲ್ ಓದುವುದು ನಿಧಾನ, ರೆಕಾರ್ಡ್ ಮಾಡಿದ ಪುಸ್ತಕ ಕೇಳುವುದೂ ಕಣ್ಣಿನಲ್ಲಿ ಓದುವುದಕ್ಕಿಂತ ನಿಧಾನ. ಅಂಧ ವಿದ್ಯಾರ್ಥಿಗಳ ಆ ಕಷ್ಟ ಕಡಿಮೆ ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ. 1969ರಲ್ಲಿ ಅವರು ಸ್ಟಿಚ್ಟ್ ಎಂಬುವರ ಜೊತೆ ಸೇರಿ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ನಿಮಿಷಕ್ಕೆ ಸುಮಾರು 275 ಇಂಗ್ಲಿಷ್ ಪದಗಳವರೆಗೆ ಅರ್ಥವಾಗುವುದು ನಿಧಾನವಾಗಿ ಕಡಿಮೆಯಾಗುತ್ತದೆ. ಅದನ್ನು ದಾಟಿದ ಮೇಲೆ ಸರ್ರನೆ ಇಳಿಯುತ್ತದೆ. ಅದೇ ವೇಗದಲ್ಲಿ ಬಿಡಿ ಪದಗಳನ್ನು ಕೇಳಿಸಿದರೆ ಗುರುತಿಸುವುದರಲ್ಲಿ ಅಂಥ ಕುಸಿತ ಕಾಣುವುದಿಲ್ಲ. ಅಂದರೆ ದನಿ ಕೆಟ್ಟು ಅರ್ಥ ಹೋಗುತ್ತಿಲ್ಲ. ಬಂದ ಪದಗಳನ್ನು ಒಂದರ ಜೊತೆ ಒಂದು ಸೇರಿಸಿ, ಹಿಂದೆ ಹೇಳಿದ್ದಕ್ಕೆ ಕಟ್ಟುವುದಕ್ಕೆ ಸಮಯ ಸಾಕಾಗುತ್ತಿಲ್ಲ.

ಈ 275 ಎಂಬುದನ್ನು ಇಟ್ಟುಕೊಂಡು ಸಣ್ಣ ಲೆಕ್ಕ ಮಾಡಿ. ನಿಮ್ಮ ಪ್ರೊಫೆಸರ್ ನಿಮಿಷಕ್ಕೆ 110 ಪದ ಹೇಳುವವರಾದರೆ 2xನಲ್ಲಿ 220 ಆಗುತ್ತದೆ, ಗಡಿಯ ಒಳಗೇ ಇದ್ದೀರಿ. 170 ಪದ ಹೇಳುವವರಾದರೆ 340. ಇಬ್ಬರಿಗೂ ಬಟನ್ ಒಂದೇ, ಆದರೆ ಕೇಳುವ ನಿಮ್ಮ ಸ್ಥಿತಿ ಒಂದೇ ಅಲ್ಲ. ಸಬ್‌ಟೈಟಲ್ ತೆರೆದು ಒಂದು ನಿಮಿಷದ ಪದ ಎಣಿಸಿದರೆ ಸಾಕು, ಗೊತ್ತಾಗುತ್ತದೆ. ಕನ್ನಡದ ಪಾಠಕ್ಕೆ ಈ ಅಂಕಿಯನ್ನು ಹಾಗೇ ಹಚ್ಚಬೇಡಿ. ನಮ್ಮಲ್ಲಿ ವಿಭಕ್ತಿ, ಕಾಲ, ಲಿಂಗ ಎಲ್ಲ ಒಂದೇ ಪದಕ್ಕೆ ಅಂಟಿಕೊಂಡು ಬರುತ್ತವೆ. ಒಂದೊಂದು ಪದವೂ ಹೆಚ್ಚು ಹೊರೆ ಹೊತ್ತಿರುತ್ತದೆ, ನಿಮಿಷಕ್ಕೆ ಬರುವ ಪದಗಳ ಸಂಖ್ಯೆ ಕಡಿಮೆ ಇರುತ್ತದೆ.

ಸಮಯವೇ ನಿಜವಾದ ಕೊರತೆ ಎಂಬುದಕ್ಕೆ ನನಗೆ ತುಂಬಾ ಇಷ್ಟವಾದ ಪ್ರಯೋಗವೊಂದಿದೆ. 2009ರಲ್ಲಿ ಗಿಟ್ಜಾ ಮತ್ತು ಗ್ರೀನ್‌ಬರ್ಗ್ ಎಂಬ ಇಬ್ಬರು ಮಾಡಿದ್ದು. ಅವರು ವಾಕ್ಯಗಳನ್ನು ಮೂರು ಪಟ್ಟು ಕುಗ್ಗಿಸಿದರು. ಮುಂದಿನ ಪದ ಊಹಿಸಲು ಬಾರದಂಥ ವಾಕ್ಯಗಳು. ಕೇಳಿದವರಿಗೆ ಅರ್ಧದಷ್ಟು ಪದಗಳು ತಪ್ಪಿದವು. ಆಮೇಲೆ ಅದೇ ಕುಗ್ಗಿಸಿದ ಮಾತನ್ನು 40 ಮಿಲಿಸೆಕೆಂಡಿನ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ನಡುವೆ 80 ಮಿಲಿಸೆಕೆಂಡು ಖಾಲಿ ಬಿಟ್ಟರು. ಒಟ್ಟು ಅವಧಿ ಮೂಲ ಮಾತಿನಷ್ಟೇ ಆಯಿತು. ಕೇಳಲು ತಡವರಿಸಿದ ಹಾಗೆ, ಕಿವಿಗೆ ಹಿತವಿಲ್ಲ. ಆದರೂ ತಪ್ಪುಗಳು ತುಂಬಾ ಇಳಿದವು! ಹೊಸದಾಗಿ ಒಂದಿಷ್ಟೂ ದನಿ ಸೇರಿಸಿರಲಿಲ್ಲ, ಬರೀ ಖಾಲಿ ಜಾಗ ಸೇರಿಸಿದ್ದು. ಮಿದುಳು ಮಾತನ್ನು ತನ್ನದೇ ಒಂದು ಲಯದಲ್ಲಿ, ಸೆಕೆಂಡಿಗೆ ಸುಮಾರು ನಾಲ್ಕರಿಂದ ಎಂಟು ಕಂತುಗಳಲ್ಲಿ ಬಿಡಿಸಿಕೊಳ್ಳುತ್ತದೆ, ಕಂತುಗಳು ಅದಕ್ಕಿಂತ ಬೇಗ ಬಂದರೆ ಹಿಡಿತ ತಪ್ಪುತ್ತದೆ ಎಂಬುದು ಅವರು ಕೊಟ್ಟ ವಿವರಣೆ.

ಅದು ಅಕ್ಷರದ ಮಟ್ಟದ ಮಾತು. ಅರ್ಥದ ಮಟ್ಟದಲ್ಲೂ ಹೀಗೇ ಇದೆ. ಬ್ರಾಂಡೈಸ್ ವಿಶ್ವವಿದ್ಯಾಲಯದ ಆರ್ಥರ್ ವಿಂಗ್‌ಫೀಲ್ಡ್ ಮತ್ತು ಜೊತೆಗಾರರು 1999ರಲ್ಲಿ ಕುಗ್ಗಿಸಿದ ಗದ್ಯವನ್ನು ಕೇಳಿಸಿ, ಕಿತ್ತುಕೊಂಡ ಸಮಯವನ್ನು ವಾಪಸ್ ಕೊಟ್ಟರು. ವಾಕ್ಯ ಅಥವಾ ಉಪವಾಕ್ಯ ಮುಗಿಯುವ ಜಾಗದಲ್ಲಿ ಆ ಸಮಯವನ್ನು ವಿರಾಮವಾಗಿ ಕೊಟ್ಟಾಗ ಹರೆಯದವರು ಪೂರ್ತಿ ಚೇತರಿಸಿಕೊಂಡರು. ಎಲ್ಲೆಂದರಲ್ಲಿ ಕೊಟ್ಟಾಗ ಅಷ್ಟು ಫಲ ಸಿಗಲಿಲ್ಲ. ವಯಸ್ಸಾದವರಿಗೆ ಸರಿಯಾದ ಜಾಗದಲ್ಲಿ ಕೊಟ್ಟರೂ ಭಾಗಶಃ ಮಾತ್ರ ಸಿಕ್ಕಿತು. ಮನೆಯಲ್ಲಿ ಹಿರಿಯರಿಗೆ ಪ್ರವಚನವನ್ನೋ ಆರೋಗ್ಯದ ಮಾತನ್ನೋ 1.5xನಲ್ಲಿ ಹಾಕಿ ಕೊಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು ಎಂದು ನನಗೆ ಅನಿಸುತ್ತದೆ.

ಈಗ ನಮ್ಮ ಹುಡುಗನ ಕಡೆಗೆ ಬರುತ್ತೇನೆ. ಅವನು ನೋಡಿದ್ದು ಕನ್ವಲ್ಯೂಷನ್ ಮೇಲಿನ ಪಾಠ. ಒಂದು ಸಿಸ್ಟಮ್ಮಿಗೆ x ಎಂಬ ಸಿಗ್ನಲ್ ಕೊಟ್ಟರೆ ಹೊರಗೆ ಬರುವ y ಏನು ಎಂದು, ಆ ಸಿಸ್ಟಮ್ಮಿನ ಸ್ವಭಾವ ತಿಳಿಸುವ h ಇಟ್ಟುಕೊಂಡು ಲೆಕ್ಕ ಹಾಕುವುದು. ಅದರ ಸೂತ್ರ ಇದು:

```
y[n] = Σ x[k] h[n−k]
```

ಪಾಠದಲ್ಲಿ ಈ ಸೂತ್ರ ಬರುವ ಜಾಗದಲ್ಲಿ ಪ್ರೊಫೆಸರ್ ಹೇಳುವುದು ಎರಡೇ ವಾಕ್ಯ. h ಅನ್ನು ಫ್ಲಿಪ್ ಮಾಡಿ, ಆಮೇಲೆ n ಅಷ್ಟು ಸರಿಸಿ. ಹೇಳಲು ಆರೇಳು ಸೆಕೆಂಡು ಸಾಕು. ಪದಗಳೆಲ್ಲ ಸುಲಭ. ಆದರೆ ಕೇಳುವವನ ತಲೆಯಲ್ಲಿ ಆಗಬೇಕಾದ ಕೆಲಸ ದೊಡ್ಡದು. kಗೆ ಮೈನಸ್ ಇರುವುದರಿಂದ ಚಿತ್ರ ಎಡಬಲ ಮಗುಚಿಕೊಳ್ಳುತ್ತದೆ. ಹಾಗೆ ಮಗುಚಿದ ಮೇಲೆ n ಎರಡಾದರೆ ಅದು ಎಡಕ್ಕೆ ಹೋಗಬೇಕೋ ಬಲಕ್ಕೋ? ಬಲಕ್ಕೆ. h[n−k]ನಲ್ಲಿ ಮೈನಸ್ ಕಂಡು ಎಡಕ್ಕೆ ತಳ್ಳುವವರೇ ಹೆಚ್ಚು. ಪ್ರೊಫೆಸರ್ ಬೋರ್ಡಿನ ಮೇಲೆ ಆ ಚಿತ್ರ ಬಿಡಿಸಲು 20 ಸೆಕೆಂಡು ತೆಗೆದುಕೊಳ್ಳುತ್ತಾರೆ ಎಂದುಕೊಳ್ಳಿ. ಆ ಹೊತ್ತಿನಲ್ಲೇ ವಿದ್ಯಾರ್ಥಿ ತಾನೂ ಮಗುಚಿ ನೋಡುವುದು. 2xನಲ್ಲಿ ಆ 20 ಸೆಕೆಂಡು 10 ಆಗುತ್ತದೆ. ಮೌನ ತೆಗೆದುಹಾಕುವ ಆಪ್ ಇದ್ದರೆ ಅದೂ ಉಳಿಯುವುದಿಲ್ಲ. ಮಾತಿಲ್ಲದ ಆ ಹೊತ್ತು ಕೇಳುಗನಿಗೆ ಎಷ್ಟು ಬೇಕಾದದ್ದು ಎಂಬುದು ಆಪ್‌ಗೆ ಗೊತ್ತಾಗುವಂತಿಲ್ಲ.

ನಾನು ಅವನಿಗೆ ಒಂದು ಸಣ್ಣ ಲೆಕ್ಕ ಕೊಟ್ಟೆ. "ಮಾಡಪ್ಪ ಇದನ್ನ. x ಅಂದ್ರೆ 1, 2, 3. h ಅಂದ್ರೆ 1, 2."

ಉತ್ತರ 1, 4, 7, 6 ಬರಬೇಕು. ಅವನಿಗೆ 2, 5, 8, 3 ಬಂತು. ಈ ಅಂಕಿಗಳನ್ನು ನೋಡಿದ ತಕ್ಷಣ ಏನಾಗಿದೆ ಎಂದು ಹೇಳಬಹುದು. h ಅನ್ನು ಮಗುಚದೆ ಹಾಗೇ ಜಾರಿಸಿದ್ದಾನೆ. ಮೊದಲ ಹೆಜ್ಜೆಯಲ್ಲಿ xನ 1 ಸಿಗಬೇಕಾದದ್ದು hನ 1ಕ್ಕೆ. ಮಗುಚದಿದ್ದರೆ ಅದಕ್ಕೆ hನ 2 ಎದುರಾಗುತ್ತದೆ, ಅದಕ್ಕೇ ಮೊದಲ ಉತ್ತರವೇ 2.

"ಫ್ಲಿಪ್ ಮಾಡ್ಬೇಕು ಅಂತ ಹೇಳಿದ್ರಲ್ವಾ?" ಎಂದೆ.

"ಹೇಳಿದ್ರು ಮೇಡಂ. ಕೇಳಿಸ್ಕೊಂಡಿದ್ದೀನಿ. ನೋಟ್ಸಲ್ಲೂ ಇದೆ."

ನೋಟ್ಸಿನಲ್ಲಿ ನಿಜವಾಗಿಯೂ ಇತ್ತು. ಪಾಠದಲ್ಲಿ ಕೊಟ್ಟಿದ್ದ ಉದಾಹರಣೆಯಲ್ಲಿ h ಎಂದರೆ 1, 1. ಮಗುಚಿದರೂ ಮಗುಚದಿದ್ದರೂ ಅದು ಒಂದೇ, ಉತ್ತರವೂ ಒಂದೇ. ಹಾಗಾಗಿ ಅವನಿಗೆ ಎಲ್ಲ ಸರಿಯಾಗಿದೆ ಎಂದೇ ಅನಿಸಿತ್ತು. ನಿಧಾನವಾಗಿ ನೋಡಿದ್ದರೆ 'ಇದನ್ನು ಯಾಕೆ ಮಗುಚಬೇಕು, ಮಗುಚದಿದ್ದರೂ ಅದೇ ಬರುತ್ತಲ್ಲ' ಎಂಬ ಪ್ರಶ್ನೆ ಏಳಲು ಜಾಗ ಇರುತ್ತಿತ್ತು. ವೇಗದಲ್ಲಿ ಮೊದಲು ಹೋಗುವುದು ಇಂಥ ಪ್ರಶ್ನೆ. ಪ್ರಶ್ನೆ ಏಳಲಿಲ್ಲ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ, ಅದೇ ನನಗೆ ಹೆಚ್ಚು ಚಿಂತೆ ತರುವ ವಿಷಯ.

ಹಾಗಾದರೆ 2x ಬೇಡವೇ ಬೇಡವಾ? ಹಾಗೆ ಹೇಳಲು ನನಗೆ ಆಧಾರವಿಲ್ಲ. 2021ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಡಿಲ್ಲನ್ ಮರ್ಫಿ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಚೆನ್ನಾಗಿವೆ. ವಿದ್ಯಾರ್ಥಿಗಳು ರೋಮನ್ ಸಾಮ್ರಾಜ್ಯದ ಬಗ್ಗೆ ಮತ್ತು ಆಸ್ತಿಯ ಬೆಲೆ ಕಟ್ಟುವ ಬಗ್ಗೆ ಎರಡು ವಿಡಿಯೋ ನೋಡಿದರು. ಕೆಲವರು ಮಾಮೂಲು ವೇಗದಲ್ಲಿ, ಉಳಿದವರು 1.5, 2 ಮತ್ತು 2.5ರಲ್ಲಿ. 2xವರೆಗೆ ಅಂಕಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ, ತಕ್ಷಣ ಕೇಳಿದರೂ ವಾರ ಬಿಟ್ಟು ಕೇಳಿದರೂ. 2.5ರಲ್ಲಿ ಇಳಿಯಿತು. ಇದನ್ನು ಓದಿ ನಮ್ಮ ಹುಡುಗರಿಗೆ ಖುಷಿಯಾಗಬಹುದು. ಆದರೆ ಅಲ್ಲಿದ್ದದ್ದು ವಿಷಯ ವಿವರಿಸುವ ಪಾಠ. ಒಂದು ಸಂಗತಿ ತಪ್ಪಿದರೂ ಮುಂದಿನದನ್ನು ಹಿಡಿಯಬಹುದು. ಕನ್ವಲ್ಯೂಷನ್‌ನಂಥ ಪಾಠದಲ್ಲಿ ನಾಲ್ಕನೇ ಸಾಲು ಮೂರನೆಯದರ ಮೇಲೆ ನಿಂತಿರುತ್ತದೆ. ಅಲ್ಲಿಯ ಫಲಿತಾಂಶವನ್ನು ಇಲ್ಲಿಗೆ ತರುವಂತಿಲ್ಲ.

ಭಾಷೆಯೂ ಲೆಕ್ಕಕ್ಕೆ ಬರುತ್ತದೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ನನ್ನ ಕ್ಲಾಸಿನಲ್ಲಿ ತುಂಬಾ ಇದ್ದಾರೆ. ತನ್ನದಲ್ಲದ ಭಾಷೆಯಲ್ಲಿ ಪದ ಗುರುತಿಸುವುದಕ್ಕೇ ಸ್ವಲ್ಪ ಗಮನ ಹೋಗುತ್ತದೆ. ಸಮಯ ಕುಗ್ಗಿದಾಗ ಅವರಿಗೆ ಬೇಗ ಪೆಟ್ಟು ಬೀಳುತ್ತದೆ. ಪಕ್ಕದ ಬೆಂಚಿನವನು 1.75ರಲ್ಲಿ ಕೇಳುತ್ತಾನೆಂದು ತಾವೂ ಹಾಗೆ ಮಾಡಲು ಹೋಗಿ, ಅರ್ಥವಾಗದಿದ್ದಾಗ ತಾವು ದಡ್ಡರು ಎಂದುಕೊಳ್ಳುತ್ತಾರೆ. ಇದು ದಯವಿಟ್ಟು ಬೇಡ. ಬಸ್ಸಿನಲ್ಲಿ ಕೇಳುವುದೂ ಹಾಗೆಯೇ. ಹಾರ್ನ್ ಸದ್ದು ಕುಗ್ಗುವುದಿಲ್ಲ, ಮಾತು ಮಾತ್ರ ಕುಗ್ಗಿರುತ್ತದೆ. ಅದೇ ಹಾರ್ನ್ 1xನಲ್ಲಿ ಮೂರು ಅಕ್ಷರ ಮುಚ್ಚುತ್ತಿದ್ದರೆ 2xನಲ್ಲಿ ಆರು ಮುಚ್ಚುತ್ತದೆ.

ನಾನು ಮಕ್ಕಳಿಗೆ ಹೇಳಿಕೊಡುವ ಕ್ರಮ ವಿಂಗ್‌ಫೀಲ್ಡ್ ಪ್ರಯೋಗದಿಂದ ಹುಟ್ಟಿದ್ದು. 40 ನಿಮಿಷದ ಪಾಠವನ್ನು 1.5xನಲ್ಲಿ ನೋಡಿದರೆ 26 ನಿಮಿಷ 40 ಸೆಕೆಂಡು ಆಗುತ್ತದೆ. ಉಳಿದ 13 ನಿಮಿಷ 20 ಸೆಕೆಂಡನ್ನು ಲಾಭ ಎಂದುಕೊಂಡು ಬೇರೆ ಕಡೆ ಖರ್ಚು ಮಾಡಬೇಡಿ. ಅದನ್ನು ಅದೇ ಪಾಠದೊಳಗೆ, ಒಂದು ಮಾತು ಮುಗಿದ ಜಾಗದಲ್ಲಿ, ಪಾಜ್ ಒತ್ತಿ ವಾಪಸ್ ಕೊಡಿ. ಪೀಠಿಕೆಗೆ, ಹಿಂದಿನ ಕ್ಲಾಸಿನ ನೆನಪಿಗೆ ಪಾಜ್ ಬೇಕಿಲ್ಲ. ಸೂತ್ರ ಬಂದ ಕೂಡಲೇ ನಿಲ್ಲಿಸಿ, ಪೆನ್ನು ಹಿಡಿದು, ಪ್ರೊಫೆಸರ್ ಕೊಟ್ಟ ಅಂಕಿ ಬಿಟ್ಟು ಬೇರೆ ಅಂಕಿ ಹಾಕಿ ಒಂದು ಸಲ ಮಾಡಿ. 1, 1 ಇದ್ದಲ್ಲಿ 1, 2 ಹಾಕಿ. ಆ ಒಂದು ನಿಮಿಷ ಸಾಕು. ಮುಂದಿನ ಸಾಲು ಏನು ಬರಬಹುದು ಎಂದು ಊಹಿಸಿ ಪ್ಲೇ ಒತ್ತಿ. ಊಹೆ ಹತ್ತಿರ ಬಂದರೆ ವೇಗ ಸರಿ ಇದೆ. ಪದಗಳೆಲ್ಲ ನೆನಪಿದ್ದು, ಮುಂದೇನು ಎಂಬುದು ಮಾತ್ರ ಹೊಳೆಯುತ್ತಿಲ್ಲ ಎಂದರೆ ಆ ಪಾಠಕ್ಕೆ ಆ ವೇಗ ಜಾಸ್ತಿ.

ಪ್ಲೇಯರಿನ ಪಟ್ಟಿಯಲ್ಲಿ 1.25 ಆದ ಮೇಲೆ ನೇರ 1.5 ಇದ್ದು, ನಡುವಿನ ವೇಗ ಬೇಕೆನಿಸಿದರೆ ಕಂಪ್ಯೂಟರಿನ ಬ್ರೌಸರ್ ಕನ್ಸೋಲ್‌ನಲ್ಲಿ ಇದನ್ನು ಬರೆದರೆ ಆಯಿತು:

```
document.querySelector('video').playbackRate = 1.35
```

ಶ್ರುತಿ ಕಾಯ್ದುಕೊಳ್ಳುವ ಕೆಲಸವನ್ನು ಬ್ರೌಸರ್ ತಾನೇ ಮಾಡಿಕೊಳ್ಳುತ್ತದೆ.

2xಗೆ ನಿಜವಾಗಿ ಒಳ್ಳೆಯ ಜಾಗ ಎಂದರೆ ಎರಡನೇ ಸಲದ ನೋಟ. ಯುಸಿಎಲ್‌ಎ ಪ್ರಯೋಗಗಳಲ್ಲೇ ಇದರ ಸುಳಿವಿದೆ. 2xನಲ್ಲಿ ಬೆನ್ನುಬೆನ್ನಿಗೆ ಎರಡು ಸಲ ನೋಡಿದವರಿಗೆ, ಮಾಮೂಲು ವೇಗದಲ್ಲಿ ಒಮ್ಮೆ ನೋಡಿದವರಿಗಿಂತ ಏನೂ ಹೆಚ್ಚು ಸಿಗಲಿಲ್ಲ. ಆದರೆ ಮೊದಲ ಸಲ ನೋಡಿ, ವಾರ ಬಿಟ್ಟು ಪರೀಕ್ಷೆಗೆ ಮುಂಚೆ ಮತ್ತೊಮ್ಮೆ 2xನಲ್ಲಿ ನೋಡಿದವರು ಮುಂದೆ ಇದ್ದರು. ಎರಡನೇ ಸಲಕ್ಕೆ ಮಗುಚುವ ಕೆಲಸ ಆಗಲೇ ಮುಗಿದಿರುತ್ತದೆ, ನೆನಪು ಮಾಡಿಕೊಳ್ಳುವುದಷ್ಟೇ ಉಳಿದಿರುತ್ತದೆ. ಅದಕ್ಕೇ ನಮ್ಮ ಹುಡುಗರಿಗೆ ಈಗ ಹೇಳುತ್ತಿರುವುದು ಇಷ್ಟು: ಹೊಸ ಪಾಠವನ್ನು ಇಂಟರ್ನಲ್ಸ್ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ವಾರ ಮುಂಚೆಯೇ ಪಾಜ್ ಒತ್ತುತ್ತಾ ಒಮ್ಮೆ ನೋಡಿ ಮುಗಿಸಿ. ಆ ರಾತ್ರಿ ಅದನ್ನೇ 2xನಲ್ಲಿ, 20 ನಿಮಿಷದಲ್ಲಿ ಓಡಿಸಿ. ಎಲ್ಲಾದರೂ ತಡೆದ ಹಾಗಾದರೆ ಆ ಜಾಗದಲ್ಲಿ ಮಾತ್ರ 1xಗೆ ಇಳಿಸಿ ನೋಡಿ.